ಪದೇ ಪದೇ ಶಾಲೆ ತಪ್ಪಿಸುವ ಮಗುವಿನ ಮನೆಗೆ ಟೀಚರ್ ಏನಂತ ಬರೆಯಬೇಕು?

ಮಕ್ಕಳ ಹಾಜರಿ ಬಗ್ಗೆ ಈಚೆಗೆ ಬರುವ ಸುದ್ದಿಗಳನ್ನು ಓದಿದರೆ ಗೊಂದಲವಾಗುತ್ತದೆ. ಇಂಗ್ಲೆಂಡಿನಲ್ಲಿ 2024ರ ಆಗಸ್ಟ್‌ನಿಂದ ಹೊಸ ನಿಯಮ ಬಂತು. ಮೊದಲು ಮನೆಯವರಿಗೆ ಸಹಾಯ ಮಾಡಿ, ಅವರ ಮಾತು ಕೇಳಿ ಎಂದು ಅದು ಶಾಲೆಗಳಿಗೆ ಹೇಳುತ್ತದೆ. ಅದೇ ಹೊತ್ತಿಗೆ, ಅನುಮತಿ ಇಲ್ಲದೆ ಮಗುವನ್ನು ಶಾಲೆ ಬಿಡಿಸಿದರೆ ತಂದೆತಾಯಿ ಕಟ್ಟಬೇಕಾದ ದಂಡ 60 ಪೌಂಡ್‌ನಿಂದ 80ಕ್ಕೆ ಏರಿತು. ಮೂರು ವಾರದೊಳಗೆ ಕಟ್ಟದಿದ್ದರೆ ಅದು 160 ಆಗುತ್ತದೆ. ಹಾಗಾದರೆ ಪೋಷಕರ ಜೊತೆ ಮೆತ್ತಗೆ ಮಾತಾಡಬೇಕೋ, ಗಟ್ಟಿಯಾಗಿ ಮಾತಾಡಬೇಕೋ?

ದೊಡ್ಡ ನೀತಿಯ ಪ್ರಶ್ನೆಯಂತೆ ಕಂಡರೂ, ಇದು ಕೊನೆಗೆ ಬಂದು ನಿಲ್ಲುವುದು ಒಬ್ಬ ಕ್ಲಾಸ್ ಟೀಚರ್ ಮುಂದೆ. ಅವರ ಎದುರು ಹಾಜರಿ ಪುಸ್ತಕ ಇದೆ. ಒಂದು ಹೆಸರಿನ ಮುಂದೆ ಗೈರಿನ ಗುರುತು ಜಾಸ್ತಿಯಾಗಿದೆ. ಮನೆಗೆ ಒಂದು ಮೇಲ್ ಬರೆಯಬೇಕು. ಆ ಮೇಲ್‌ನಲ್ಲಿ ಏನಿರಬೇಕು, ಏನಿರಬಾರದು, ಯಾಕೆ ಅನ್ನುವುದನ್ನು ನೋಡೋಣ.

ಈ ವಿಷಯ ಈಗ ಯಾಕೆ ಇಷ್ಟು ದೊಡ್ಡದಾಯಿತು

ಕೋವಿಡ್ ನಂತರ ಹಲವು ದೇಶಗಳಲ್ಲಿ ಮಕ್ಕಳು ಶಾಲೆಗೆ ಬರುವುದು ಕಡಿಮೆಯಾಯಿತು. ಅಮೆರಿಕದ ಲೆಕ್ಕ ನೋಡಿದರೆ ಅಂದಾಜು ಸಿಗುತ್ತದೆ. ಅಲ್ಲಿ ಶಾಲೆಯ ದಿನಗಳಲ್ಲಿ ನೂರಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ದಿನ ತಪ್ಪಿಸಿದ ಮಕ್ಕಳನ್ನು ಬೇರೆಯಾಗಿ ಎಣಿಸುತ್ತಾರೆ. 2018-19ರಲ್ಲಿ ಅಂಥವರು ನೂರಕ್ಕೆ ಸುಮಾರು 15 ಮಂದಿ ಇದ್ದರು. 2021-22ಕ್ಕೆ ಅದು ಸುಮಾರು 28 ಆಯಿತು. ಆಮೇಲೆ ಸ್ವಲ್ಪ ಇಳಿಯಿತು, ಆದರೆ ಹಳೆಯ ಮಟ್ಟಕ್ಕೆ ಬೇಗ ಮರಳಲಿಲ್ಲ.

ಈ ನೂರಕ್ಕೆ ಹತ್ತರ ಗೆರೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇದರಲ್ಲಿ ಎಲ್ಲ ಗೈರೂ ಸೇರುತ್ತದೆ. ಜ್ವರದ ರಜೆ, ಚೀಟಿ ಕೊಟ್ಟು ತೆಗೆದುಕೊಂಡ ರಜೆ, ಹೇಳದೆ ತಪ್ಪಿಸಿದ್ದು, ಎಲ್ಲವೂ. ಕಾರಣ ಸರಿಯೋ ತಪ್ಪೋ ಅಂತ ಕೇಳುವುದಿಲ್ಲ. ಪಾಠ ಎಷ್ಟು ತಪ್ಪಿತು ಅಂತ ಮಾತ್ರ ಕೇಳುತ್ತದೆ. ತಿಂಗಳಿಗೆ ಎರಡು ದಿನ ತಪ್ಪಿದರೆ ಸಾಕು, ಮಗು ಈ ಗೆರೆಯ ಹತ್ತಿರ ಬಂದುಬಿಡುತ್ತದೆ. ತಿಂಗಳಿಗೆ ಎರಡು ದಿನ ಅಂದರೆ ಯಾವ ಮನೆಯಲ್ಲೂ ಗಾಬರಿ ಆಗುವುದಿಲ್ಲ, ಅಲ್ವಾ? ಪೋಷಕರ ಮತ್ತು ಶಾಲೆಯ ನಡುವಿನ ಅಂತರ ಶುರುವಾಗುವುದು ಇಲ್ಲೇ.

ಮನೆಯಲ್ಲಿ ಒಂದು ಲೆಕ್ಕ, ಶಾಲೆಯಲ್ಲಿ ಇನ್ನೊಂದು

ಅಮೆರಿಕದ ಫಿಲಡೆಲ್ಫಿಯಾ ನಗರದ ಶಾಲೆಗಳಲ್ಲಿ ಟಾಡ್ ರಾಜರ್ಸ್ ಮತ್ತು ಆವಿ ಫೆಲ್ಲರ್ ಎಂಬ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿದರು. 28 ಸಾವಿರಕ್ಕೂ ಹೆಚ್ಚು ಮನೆಗಳು ಅದರಲ್ಲಿದ್ದವು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ತುಂಬಾ ಗೈರಾಗುವ ಮಕ್ಕಳ ಪೋಷಕರನ್ನು ಕೇಳಿದಾಗ, ಅವರು ಹೇಳಿದ ದಿನಗಳು ನಿಜದ ಲೆಕ್ಕದ ಸುಮಾರು ಅರ್ಧ ಮಾತ್ರ ಇದ್ದವು. ಅವರು ಸುಳ್ಳು ಹೇಳುತ್ತಿರಲಿಲ್ಲ. ಒಂದೊಂದೇ ದಿನ ಬಿಟ್ಟಿದ್ದು ನೆನಪಿನಲ್ಲಿ ಕೂಡಿಕೊಳ್ಳುವುದಿಲ್ಲ. ಮನೆಯಲ್ಲಿ ಯಾರೂ ಅದನ್ನು ಬರೆದಿಡುವುದಿಲ್ಲ.

ಆಗ ಸಂಶೋಧಕರು ಮನೆಗಳಿಗೆ ಬೇರೆ ಬೇರೆ ರೀತಿಯ ಕಾಗದ ಕಳಿಸಿದರು. ಕೆಲವರಿಗೆ ಹಾಜರಿ ಮುಖ್ಯ ಅಂತ ನೆನಪಿಸುವ ಕಾಗದ. ಇನ್ನು ಕೆಲವರಿಗೆ ನಿಮ್ಮ ಮಗು ಇಲ್ಲಿಯವರೆಗೆ ಒಟ್ಟು ಇಷ್ಟು ದಿನ ಬಂದಿಲ್ಲ ಎಂಬ ಲೆಕ್ಕ. ಮತ್ತೆ ಕೆಲವರಿಗೆ ಆ ಲೆಕ್ಕದ ಜೊತೆಗೆ ಕ್ಲಾಸಿನ ಉಳಿದ ಮಕ್ಕಳ ಲೆಕ್ಕ. ಬರೀ ನೆನಪಿಸಿದ್ದಕ್ಕಿಂತ ಒಟ್ಟು ಲೆಕ್ಕ ಹೇಳಿದ್ದು ಹೆಚ್ಚು ಕೆಲಸ ಮಾಡಿತು. ಆದರೆ ಬೇರೆ ಮಕ್ಕಳ ಜೊತೆ ಹೋಲಿಸಿದ್ದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಆಗಲಿಲ್ಲ.

ಟೀಚರ್‌ಗಳಿಗೆ ಈ ಕೊನೆಯ ಮಾತು ಬಹಳ ಉಪಯೋಗದ್ದು. 'ಬೇರೆ ಮಕ್ಕಳೆಲ್ಲ ದಿನಾ ಬರುತ್ತಾರೆ' ಎಂಬ ಸಾಲು ಪೋಷಕರನ್ನು ಚುಚ್ಚುತ್ತದೆ, ಆದರೆ ಅದರಿಂದ ಹಾಜರಿ ಏರುವುದಿಲ್ಲ. ಅವರಿಗೆ ನಿಜವಾಗಿ ಗೊತ್ತಿಲ್ಲದ್ದು ತಮ್ಮ ಮಗುವಿನ ಒಟ್ಟು ಲೆಕ್ಕ. ಅದನ್ನು ಕೊಟ್ಟರೆ ಸಾಕು.

ಇದರ ಮಿತಿಯನ್ನೂ ಹೇಳಿಬಿಡಬೇಕು. ಆ ಕಾಗದಗಳಿಂದ ಕಡಿಮೆಯಾದ ಗೈರು ವರ್ಷಕ್ಕೆ ಒಂದು ಮಗುವಿಗೆ ಸರಾಸರಿ ಸುಮಾರು ಒಂದು ದಿನ. ಅತಿಯಾಗಿ ಗೈರಾಗುವ ಮಕ್ಕಳ ಸಂಖ್ಯೆ ನೂರಕ್ಕೆ ಹತ್ತರಷ್ಟು ಅಥವಾ ಸ್ವಲ್ಪ ಜಾಸ್ತಿ ಇಳಿಯಿತು. ಇಷ್ಟು ಕಡಿಮೆ ಖರ್ಚಿಗೆ ಇದು ಒಳ್ಳೆಯ ಫಲವೇ. ಆದರೆ ಕಾಗದ ಒಂದೇ ಎಲ್ಲವನ್ನೂ ಸರಿಮಾಡುವುದಿಲ್ಲ. ಲೆಕ್ಕ ತಪ್ಪಿದ ಮನೆಗೆ ಲೆಕ್ಕ ಸಾಕು. ಬೇರೆ ತೊಂದರೆ ಇರುವ ಮನೆಗೆ ಆ ಲೆಕ್ಕದ ಜೊತೆ ಒಂದು ಪ್ರಶ್ನೆಯೂ ಬೇಕು.

ಗಟ್ಟಿಯಾಗಿ ಹೇಳಬೇಕು ಅನ್ನುವವರ ವಾದ

ಮೆತ್ತಗೆ ಬರೆದರೆ ಯಾರೂ ಲೆಕ್ಕಕ್ಕಿಡುವುದಿಲ್ಲ, ನಿಯಮ ಅಂದಮೇಲೆ ನಿಯಮ, ದಿನಾ ಕಷ್ಟಪಟ್ಟು ಮಕ್ಕಳನ್ನು ಕಳಿಸುವ ಪೋಷಕರಿಗೆ ಇದು ಅನ್ಯಾಯ ಎಂದು ಕೆಲವರು ಹೇಳುತ್ತಾರೆ. ಈ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಆದರೆ ದಂಡ ಎಲ್ಲಿ ಬೀಳುತ್ತದೆ ಅಂತ ನೋಡಿ. ಇಂಗ್ಲೆಂಡಿನಲ್ಲಿ ಹಾಕುವ ಇಂಥ ದಂಡಗಳಲ್ಲಿ ಬಹುಪಾಲು ಶಾಲೆ ನಡೆಯುವಾಗ ಪ್ರವಾಸ ಹೋದ ಕುಟುಂಬಗಳಿಗೆ. ಅಲ್ಲಿ ನಿರ್ಧಾರ ಮಾಡಿದವರು ತಂದೆತಾಯಿ. ಖರ್ಚು ಹೆಚ್ಚಾದರೆ ಅವರು ಇನ್ನೊಮ್ಮೆ ಯೋಚಿಸಬಹುದು. ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಅಳುವ ಮಗುವಿನ ಮನೆಯಲ್ಲಿ ನಿರ್ಧಾರ ತಂದೆತಾಯಿಯದಲ್ಲ. ಅಲ್ಲಿ ದಂಡ ಹಾಕಿದರೆ ಮನೆಯ ಒತ್ತಡ ಏರುತ್ತದೆ, ಹೊಟ್ಟೆನೋವು ಹಾಗೇ ಇರುತ್ತದೆ.

ಅಂದರೆ ಎರಡೂ ಕಡೆಯವರು ಬೇರೆ ಬೇರೆ ಮಕ್ಕಳ ಬಗ್ಗೆ ಮಾತಾಡುತ್ತಿದ್ದಾರೆ. ಬರೆಯಲು ಕೂತ ಟೀಚರ್‌ಗೆ ಈ ಮಗು ಯಾವ ಗುಂಪಿನದು ಅಂತ ಇನ್ನೂ ಗೊತ್ತಿಲ್ಲ. ದೂರುವ ಧಾಟಿ ಬೇಡ ಅನ್ನುವುದಕ್ಕೆ ದೊಡ್ಡ ಕಾರಣ ಇದು. ಗೊತ್ತಿಲ್ಲದ ವಿಷಯಕ್ಕೆ ತೀರ್ಪು ಕೊಟ್ಟರೆ ಅದು ತಪ್ಪಾಗುವ ಸಂಭವವೇ ಜಾಸ್ತಿ.

ಬರೆಯುವ ಮೊದಲು ಹಾಜರಿ ಪುಸ್ತಕ ಓದಬೇಕು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಏಳನೇ ತರಗತಿಯ ಹುಡುಗಿ. ಶಾಲೆ ಶುರುವಾಗಿ 62 ದಿನ ಆಗಿದೆ, ಅವಳು 9 ದಿನ ಬಂದಿಲ್ಲ. ನೂರಕ್ಕೆ ಹದಿನಾಲ್ಕೂವರೆ. ಪ್ರತಿ ಸಲವೂ ಮನೆಯಿಂದ ಸಂದೇಶ ಬಂದಿದೆ, ಹಾಗಾಗಿ ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ಈಗ ತಾರೀಖುಗಳನ್ನು ಒಂದರ ಕೆಳಗೆ ಒಂದು ಬರೆದು, ಪಕ್ಕದಲ್ಲಿ ವಾರ ಬರೆಯಬೇಕು. ಎರಡು ದಿನ ಜೊತೆಜೊತೆಯಾಗಿವೆ, ಅದು ಜ್ವರ. ಒಂದು ದಿನ ಮನೆಯಲ್ಲಿ ಮದುವೆ. ಉಳಿದ ಆರೂ ಮಂಗಳವಾರ. ಅಷ್ಟು ದಿನಗಳಲ್ಲಿ ಬಂದ ಮಂಗಳವಾರಗಳೇ ಹನ್ನೆರಡು. ಅದರಲ್ಲಿ ಅರ್ಧ ಅವಳು ಬಂದಿಲ್ಲ. ಆರಕ್ಕೆ ಐದು ಸಲ ಸಂದೇಶದಲ್ಲಿ ಇದ್ದದ್ದು 'ಹೊಟ್ಟೆನೋವು'.

ಒಂಬತ್ತು ಎಂಬ ಲೆಕ್ಕದಲ್ಲಿ ಈ ಸಂಗತಿ ಕಾಣುತ್ತಿರಲಿಲ್ಲ. ವಾರದ ಹೆಸರು ಬರೆದಾಗ ಎದ್ದು ಕಂಡಿತು. ಬೇರೆ ಮಕ್ಕಳಲ್ಲಿ ಇದು ಬೇರೆ ರೀತಿ ಕಾಣಬಹುದು. ಬರೀ ಸೋಮವಾರಗಳು, ಪರೀಕ್ಷೆಯ ದಿನಗಳು, ಉದ್ದ ರಜೆಯ ಮಾರನೆಯ ದಿನ, ಇಲ್ಲವೇ ಮಧ್ಯಾಹ್ನಕ್ಕೇ ಮನೆಗೆ ಹೋದ ದಿನಗಳು. ಏನೂ ಹೊಂದಿಕೆ ಇಲ್ಲದೆ ಹರಡಿದ್ದರೆ ಅದೂ ಒಂದು ಸುಳಿವೇ. ಅಂಥ ಕಡೆ ಕಾಯಿಲೆಯೋ, ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳುವ ಹೊರೆಯೋ, ಬೆಳಿಗ್ಗೆ ಕರೆದುಕೊಂಡು ಬರುವವರು ಇಲ್ಲದಿರುವುದೋ ಇರಬಹುದು.

ಮಗು ಶಾಲೆ ಬೇಡ ಅನ್ನುವುದನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಕಿಯರ್ನಿ ಅದರ ಹಿಂದೆ ನಾಲ್ಕು ಎಳೆಗಳನ್ನು ಗುರುತಿಸಿದ್ದಾರೆ. ಶಾಲೆಯಲ್ಲಿರುವ ಯಾವುದೋ ಒಂದು ಭಯ ಅಥವಾ ಸಂಕಟ ತಂದರೆ ಅದರಿಂದ ದೂರ ಇರುವುದು ಒಂದು. ಎಲ್ಲರ ಮುಂದೆ ನಿಲ್ಲಬೇಕಾದ, ಇತರರು ಅಳೆಯುವ ಸಂದರ್ಭ ತಪ್ಪಿಸುವುದು ಇನ್ನೊಂದು. ಮನೆಯವರ ಜೊತೆಯೇ ಇರಬೇಕು ಅನ್ನಿಸುವುದು ಮೂರನೆಯದು. ಹೊರಗೆ ಶಾಲೆಗಿಂತ ಖುಷಿ ಕೊಡುವುದೇನೋ ಇರುವುದು ನಾಲ್ಕನೆಯದು. ಒಂದೇ ಮಗುವಿನಲ್ಲಿ ಎರಡು ಮೂರು ಸೇರಿರಬಹುದು.

ನಮ್ಮ ಉದಾಹರಣೆಯ ಹುಡುಗಿಗೆ ಮಂಗಳವಾರ ಮೊದಲ ಪೀರಿಯಡ್‌ನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದುವ ಸರದಿ ಇದೆ ಎಂದುಕೊಳ್ಳಿ. ಟೀಚರ್‌ಗೆ ಅನುಮಾನ ಬರುವುದು ಸಹಜ. ಆದರೆ ಅದು ಅನುಮಾನ ಮಾತ್ರ. ಅದೇ ದಿನ ಯಾರೋ ಅವಳನ್ನು ಆಟದ ಹೊತ್ತಿನಲ್ಲಿ ಹಂಗಿಸುತ್ತಿರಬಹುದು. ಸೋಮವಾರ ರಾತ್ರಿ ಮನೆಯಲ್ಲೇ ಏನಾದರೂ ಆಗುತ್ತಿರಬಹುದು. ಅದಕ್ಕೆ ಮೇಲ್‌ನಲ್ಲಿ ಕಂಡದ್ದನ್ನು ಬರೆಯಬೇಕು, ಅಂದಾಜನ್ನು ಬರೆಯಬಾರದು.

ಎರಡು ಮೇಲ್‌ಗಳು

ಅವಸರದಲ್ಲಿ ಬರೆದರೆ ಮೇಲ್ ಸಾಮಾನ್ಯವಾಗಿ ಹೀಗಿರುತ್ತದೆ:

"ನಿಮ್ಮ ಮಗಳು ಪದೇ ಪದೇ ಗೈರುಹಾಜರಾಗುತ್ತಿರುವುದು ಗಮನಕ್ಕೆ ಬಂದಿದೆ. ಪೋಷಕರು ಈ ಬಗ್ಗೆ ಜವಾಬ್ದಾರಿ ವಹಿಸಬೇಕು. ಹೀಗೇ ಮುಂದುವರಿದರೆ ಅವಳ ಓದು ಹಾಳಾಗುತ್ತದೆ. ಕೂಡಲೇ ಸೂಕ್ತ ವಿವರಣೆ ನೀಡಿ."

ಇದರಲ್ಲಿ ಬೈಗುಳ ಇಲ್ಲ. ಆದರೂ ಪ್ರತಿ ಸಾಲೂ ಒಂದೊಂದು ಬಾಗಿಲು ಮುಚ್ಚುತ್ತದೆ. 'ಪದೇ ಪದೇ' ಅಂದರೆ ಎಷ್ಟು ಅಂತ ಗೊತ್ತಾಗುವುದಿಲ್ಲ. ಪೋಷಕರ ಮನಸ್ಸಿನಲ್ಲಿರುವುದು ನಾಲ್ಕೋ ಐದೋ, ಹಾಗಾಗಿ 'ಅಷ್ಟೇನೂ ಇಲ್ವಲ್ಲ' ಅನ್ನಿಸುತ್ತದೆ. 'ಜವಾಬ್ದಾರಿ' ಎಂಬ ಮಾತು ಅವರು ಜವಾಬ್ದಾರಿ ಇಲ್ಲದವರು ಅಂತ ಹೇಳಿದ ಹಾಗೆ. ಪ್ರತಿ ಸಲ ಸಂದೇಶ ಕಳಿಸಿದವರಿಗೆ ಅದು ನೋವಾಗುತ್ತದೆ. 'ವಿವರಣೆ ನೀಡಿ' ಅಂದಾಗ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ಕೂರುತ್ತಾರೆ. 'ಪ್ರತಿ ಸಲವೂ ತಿಳಿಸಿದ್ದೇವೆ' ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಟೀಚರ್‌ಗೆ ಬೇಕಾಗಿದ್ದ ಮಾಹಿತಿ, ಅಂದರೆ ಬೆಳಿಗ್ಗೆ ಮನೆಯಲ್ಲಿ ಏನಾಗುತ್ತದೆ ಎಂಬುದು, ಬರುವುದೇ ಇಲ್ಲ.

ಇನ್ನೊಂದು ಅಪಾಯವೂ ಇದೆ. ಅವಮಾನವಾದ ಪೋಷಕರು ಆ ಅವಮಾನವನ್ನು ಸಂಜೆ ಮಗುವಿನ ಮೇಲೆ ತೀರಿಸಿಕೊಳ್ಳಬಹುದು. ಮುಂದಿನ ಮಂಗಳವಾರ ಆ ಹುಡುಗಿ ಇನ್ನಷ್ಟು ಹೆದರಿಕೊಂಡಿರುತ್ತಾಳೆ.

ಅದೇ ವಿಷಯವನ್ನು ಹೀಗೂ ಬರೆಯಬಹುದು. ಇಲ್ಲಿ ಮಗುವಿನ ಹೆಸರು ಬಿಟ್ಟಿದೆ, ನಿಜವಾದ ಮೇಲ್‌ನಲ್ಲಿ ಹೆಸರು ಇರಲೇಬೇಕು.

"ವಿಷಯ: ಮಗಳ ಮಂಗಳವಾರದ ಹಾಜರಿ, ನಿಮ್ಮ ಜೊತೆ ಸ್ವಲ್ಪ ಮಾತು

ನಮಸ್ಕಾರ,

ಕಳೆದ ವಾರ ವಿಜ್ಞಾನದ ಕ್ಲಾಸಿನಲ್ಲಿ ನಿಮ್ಮ ಮಗಳು ಬೀಜ ಮೊಳೆಯುವ ಪ್ರಯೋಗವನ್ನು ಪಕ್ಕದವಳಿಗೆ ತಾನೇ ತಾಳ್ಮೆಯಿಂದ ಹೇಳಿಕೊಟ್ಟಳು. ಅವಳು ಬಂದ ದಿನ ಕ್ಲಾಸಿಗೆ ಖುಷಿ.

ಶಾಲೆ ಶುರುವಾದ ಮೇಲೆ ಆದ 62 ದಿನಗಳಲ್ಲಿ ಅವಳು 9 ದಿನ ಬಂದಿಲ್ಲ. ಪ್ರತಿ ಸಲ ನೀವು ತಿಳಿಸಿದ್ದೀರಿ, ಅದಕ್ಕೆ ಧನ್ಯವಾದ. ತಾರೀಖುಗಳನ್ನು ನೋಡುವಾಗ 9ರಲ್ಲಿ 6 ಮಂಗಳವಾರ ಎಂದು ಗೊತ್ತಾಯಿತು. ಒಂದೊಂದೇ ದಿನ ಆದ್ದರಿಂದ ನನಗೂ ಇದು ಮೊದಲೇ ಹೊಳೆಯಲಿಲ್ಲ.

ಇದಕ್ಕೆ ಕಾರಣ ಏನಿರಬಹುದು ಅಂತ ನನಗೆ ಗೊತ್ತಿಲ್ಲ. ನಿಮಗೆ ಏನಾದರೂ ಅನ್ನಿಸಿದೆಯೇ? ಆ ದಿನಗಳ ಬೆಳಿಗ್ಗೆ ಅವಳು ಹೇಗಿರುತ್ತಾಳೆ? ಶಾಲೆಯಲ್ಲೇ ಏನಾದರೂ ಅವಳಿಗೆ ಕಷ್ಟವಾಗುತ್ತಿದ್ದರೆ ಅದನ್ನು ಸರಿಮಾಡಲು ನಮ್ಮಿಂದ ಆಗುತ್ತದೆ.

ತಪ್ಪಿದ ಪಾಠಗಳ ಬಗ್ಗೆ ಈಗಲೇ ಚಿಂತೆ ಬೇಡ. ಅವಳು ಬಂದಾಗ ಮುಖ್ಯವಾದ ಎರಡನ್ನು ಮಾತ್ರ ನಾನೇ ಹೇಳಿಕೊಡುತ್ತೇನೆ. ದಯವಿಟ್ಟು ಇದರ ಬಗ್ಗೆ ಅವಳನ್ನು ಬೈಯಬೇಡಿ, ಅವಳ ಮೇಲೆ ದೂರು ಅಂತ ನಾನು ಬರೆದಿಲ್ಲ.

ಬುಧವಾರ ಅಥವಾ ಗುರುವಾರ ಸಂಜೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದೇ? 'ಬುಧ' ಅಥವಾ 'ಗುರು' ಅಂತ ಒಂದು ಪದ ಬರೆದು ಕಳಿಸಿದರೂ ಸಾಕು."

ಈ ಎರಡನೆಯ ಮೇಲ್ ಯಾಕೆ ಕೆಲಸ ಮಾಡುತ್ತದೆ

ಮೊದಲ ಪ್ಯಾರಾದಲ್ಲಿರುವುದು ಬರೀ ಹೊಗಳಿಕೆ ಆಗಿದ್ದರೆ ಪ್ರಯೋಜನವಿರಲಿಲ್ಲ. 'ನಿಮ್ಮ ಮಗಳು ತುಂಬಾ ಜಾಣೆ' ಅಂತ ಯಾರ ಬಗ್ಗೆ ಬೇಕಾದರೂ ಬರೆಯಬಹುದು. ಬೀಜದ ಪ್ರಯೋಗ ಒಂದು ಘಟನೆ. ಈ ಟೀಚರ್ ನಮ್ಮ ಮಗುವನ್ನು ನೋಡಿದ್ದಾರೆ ಎಂದು ಪೋಷಕರಿಗೆ ಅದರಿಂದ ಗೊತ್ತಾಗುತ್ತದೆ. ಆಮೇಲೆ ಬರುವ ಲೆಕ್ಕವನ್ನು ಅವರು ಬೇರೆ ಮನಸ್ಸಿನಿಂದ ಓದುತ್ತಾರೆ.

ಒಟ್ಟು ಲೆಕ್ಕವೂ ಮಂಗಳವಾರವೂ ಬಣ್ಣ ಹಚ್ಚದೆ ಬಂದಿವೆ. 'ಬರೋಬ್ಬರಿ 9 ದಿನ', 'ಅದೂ ಮಂಗಳವಾರವೇ' ಅಂತ ಇಲ್ಲ. ಆ ಒಂದು 'ಅದೂ' ಸೇರಿದರೆ ಸಾಕು, ಸಂಗತಿ ಆರೋಪವಾಗಿಬಿಡುತ್ತದೆ. 'ನನಗೂ ಮೊದಲೇ ಹೊಳೆಯಲಿಲ್ಲ' ಎಂಬ ಸಾಲು ಟೀಚರ್ ಮತ್ತು ಪೋಷಕರನ್ನು ಒಂದೇ ಕಡೆ ಕೂರಿಸುತ್ತದೆ, ಮತ್ತು ಅದು ನಿಜವೂ ಹೌದು.

'ಯಾಕೆ ಕಳಿಸಲಿಲ್ಲ' ಅಂತ ಕೇಳಿಲ್ಲ, 'ಬೆಳಿಗ್ಗೆ ಹೇಗಿರುತ್ತಾಳೆ' ಅಂತ ಕೇಳಿದೆ. ಮೊದಲನೆಯದಕ್ಕೆ ಕಾರಣ ಹೇಳಬೇಕು, ಎರಡನೆಯದಕ್ಕೆ ನೋಡಿದ್ದನ್ನು ಹೇಳಿದರೆ ಸಾಕು. ನೋಡಿದ್ದನ್ನು ಹೇಳುವುದು ಸುಲಭ. 'ಹತ್ತು ಗಂಟೆ ಆದಮೇಲೆ ಆರಾಮಾಗಿಬಿಡ್ತಾಳೆ' ಅಂತ ತಾಯಿ ಹೇಳಿದರೆ ಅದು ದೊಡ್ಡ ಸುಳಿವು. ಶಾಲೆಯ ಹೊತ್ತು ಮೀರಿದ ಮೇಲೆ ನೋವು ಇಳಿಯುತ್ತದೆ, ಭಾನುವಾರ ಬರುವುದೇ ಇಲ್ಲ ಅಂದರೆ ಅದರಲ್ಲಿ ಆತಂಕದ ಪಾಲು ಇರಬಹುದು. ಹಾಗಂತ ನೋವು ನಾಟಕ ಎಂದುಕೊಳ್ಳಬಾರದು. ಆತಂಕದಿಂದ ಬರುವ ಹೊಟ್ಟೆನೋವು ನಿಜವಾಗಿಯೂ ನೋಯುತ್ತದೆ. ಪದೇ ಪದೇ ಬಂದರೆ ಡಾಕ್ಟರ್‌ಗೂ ಒಮ್ಮೆ ತೋರಿಸಬೇಕು.

ಪಾಠದ ಚಿಂತೆ ಬೇಡ ಎಂಬ ಸಾಲು ಮೃದುತನಕ್ಕೆ ಸೇರಿಸಿದ್ದಲ್ಲ. ಇಲ್ಲೊಂದು ಸುತ್ತು ಕೆಲಸ ಮಾಡುತ್ತದೆ. ಮಗು ಹೆದರಿಕೆಯಿಂದ ಮನೆಯಲ್ಲಿ ಉಳಿಯುತ್ತದೆ. ಉಳಿದ ಕೂಡಲೇ ಮನಸ್ಸು ಹಗುರವಾಗುತ್ತದೆ. ಆ ಹಗುರವೇ ಮುಂದಿನ ಸಲ ಉಳಿಯುವುದನ್ನು ಸುಲಭ ಮಾಡುತ್ತದೆ. ಅಷ್ಟರಲ್ಲಿ ನೋಟ್ಸ್ ರಾಶಿ ಬೀಳುತ್ತದೆ, ಸ್ನೇಹಿತರ ಮಾತಿನ ಎಳೆ ತಪ್ಪುತ್ತದೆ. ಈಗ ಹೆದರಲು ಎರಡು ಕಾರಣ. ಹಳೆಯದು ಒಂದು, ಬಾಕಿ ಬಿದ್ದ ಕೆಲಸ ಇನ್ನೊಂದು. ಹಳೆಯ ಕಾರಣ ಹುಡುಕುವುದಕ್ಕೆ ವಾರಗಳು ಬೇಕಾಗಬಹುದು. ಬಾಕಿಯ ಭಾರವನ್ನು ಟೀಚರ್ ಇವತ್ತೇ ಇಳಿಸಬಹುದು.

ಮೇಲ್ ಕಳಿಸಬಾರದ ಹೊತ್ತು

ಮಗು ಮನೆಯಿಂದ ಹೊರಟಿದೆ, ಶಾಲೆಗೆ ಬಂದಿಲ್ಲ ಎಂದರೆ ಮೇಲ್ ಬರೆಯುತ್ತಾ ಕೂರಬಾರದು. ಅದೇ ಬೆಳಿಗ್ಗೆ ಫೋನ್ ಮಾಡಬೇಕು. ಮಗು ಎಲ್ಲಿದೆ ಎಂಬುದೇ ಆಗ ಮೊದಲ ಪ್ರಶ್ನೆ.

ಮನೆಯಲ್ಲೇ ಮಗುವಿಗೆ ಅಪಾಯ ಇರಬಹುದು ಎಂದು ಅನ್ನಿಸಿದರೆ ಇನ್ನೂ ಹುಷಾರಾಗಿರಬೇಕು. ಮೈಮೇಲೆ ಗಾಯ, ಮನೆಗೆ ಹೋಗಲು ಹೆದರಿಕೆ, ಮಗು ಹೇಳಿದ ಒಂದು ಮಾತು, ಇಂಥದ್ದೇನಾದರೂ ಇದ್ದರೆ ಮನೆಗೆ ಬರೆದ ಮೇಲ್ ಮಗುವನ್ನೇ ಕಷ್ಟಕ್ಕೆ ತಳ್ಳಬಹುದು. ಮೊದಲು ಶಾಲೆಯಲ್ಲಿ ಮಕ್ಕಳ ರಕ್ಷಣೆ ನೋಡಿಕೊಳ್ಳುವವರಿಗೆ ತಿಳಿಸಬೇಕು. ಮುಂದಿನ ಹೆಜ್ಜೆ ಅವರ ಜೊತೆ ಸೇರಿ ಇಡಬೇಕು.

ಉಳಿದ ತಪ್ಪುಗಳು ಚಿಕ್ಕವು, ಆದರೆ ದಿನಾ ಆಗುವಂಥವು. ಮೊದಲ ಮೇಲ್‌ನಲ್ಲೇ ಮುಖ್ಯೋಪಾಧ್ಯಾಯರನ್ನು ಸೇರಿಸಿದರೆ ಮಾತು ಎಷ್ಟೇ ಮೃದುವಾಗಿದ್ದರೂ ಅದು ನೋಟಿಸ್ ಆಗಿಬಿಡುತ್ತದೆ. ಪೋಷಕರ ಗುಂಪಿನಲ್ಲಿ ಅಂತೂ ಒಂದು ಮಗುವಿನ ಹಾಜರಿ ಎತ್ತಲೇಬಾರದು. 'ಅವಳಿಗೆ ಆತಂಕದ ಕಾಯಿಲೆ ಇರಬಹುದು' ಅಂತ ಬರೆಯುವ ಹಕ್ಕು ಟೀಚರ್‌ಗಿಲ್ಲ. ತಂದೆತಾಯಿ ಬೇರೆ ಬೇರೆ ಇದ್ದರೆ ಯಾರಿಗೆ ಕಳಿಸಬೇಕು ಎಂದು ಶಾಲೆಯ ದಾಖಲೆ ನೋಡಿಯೇ ಕಳಿಸಬೇಕು.

ಮೇಲ್ ಕಳಿಸಿದ ಮೇಲೆ

ಮೂರು ದಿನದಲ್ಲಿ ಉತ್ತರ ಬರದಿದ್ದರೆ ಎರಡನೇ ಮೇಲ್ ಬೇಡ, ಫೋನ್ ಮಾಡಬೇಕು. ಉತ್ತರ ಬಾರದ್ದಕ್ಕೆ ಅಸಡ್ಡೆಯೇ ಕಾರಣ ಅಂತ ಹೇಳಲಾಗದು. ಮೇಲ್ ನೋಡದೇ ಇರಬಹುದು, ಓದಿ ಏನು ಬರೆಯಬೇಕೆಂದು ತೋಚದೇ ಇರಬಹುದು.

ನಮ್ಮ ಉದಾಹರಣೆಯಲ್ಲಿ ಫೋನಿನಲ್ಲಿ ತಾಯಿ ಹೇಳುತ್ತಾರೆ ಎಂದುಕೊಳ್ಳಿ: "ಸೋಮವಾರ ರಾತ್ರಿ ಮಲಗೋ ಮುಂಚೆ ಅದೇ ಪುಟ ನಾಲ್ಕು ಸಲ ಓದ್ತಾಳೆ ಮೇಡಂ. ಯಾಕೆ ಅಂತ ಕೇಳಿದ್ರೆ ಹೇಳಲ್ಲ." ಈಗ ಓದುವ ಸರದಿಯ ಅನುಮಾನಕ್ಕೆ ಆಧಾರ ಸಿಕ್ಕಿತು. ಹುಡುಗಿಯನ್ನು ಒಬ್ಬಳೇ ಇದ್ದಾಗ ಮೆಲ್ಲಗೆ ಕೇಳಬಹುದು. ಅವಳು ಹೌದು ಅಂದರೆ ಕೆಲವು ವಾರ ಅವಳು ಟೀಚರ್ ಒಬ್ಬರಿಗೇ ಓದಿ ತೋರಿಸಲಿ, ಆಮೇಲೆ ಒಬ್ಬ ಗೆಳತಿಯ ಜೊತೆ, ಆಮೇಲೆ ಚಿಕ್ಕ ಗುಂಪಿನಲ್ಲಿ. ಓದುವುದನ್ನೇ ಪೂರ್ತಿ ಬಿಡಿಸಿದರೆ ಹೆದರಿಕೆ ಹಾಗೇ ಉಳಿಯುತ್ತದೆ, ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ. ಓದುವುದರಲ್ಲೇ ತೊಡಕಿದೆಯೇ ಎಂದೂ ಆಗ ತಿಳಿಯುತ್ತದೆ. ಅಕ್ಷರ ಕೂಡಿಸಲು ಒದ್ದಾಡುತ್ತಿದ್ದರೆ ಅದಕ್ಕೆ ಬೇರೆಯೇ ಸಹಾಯ ಬೇಕು.

ಫಲ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಒಟ್ಟು ಹಾಜರಿ ನೋಡಿದರೆ ಸಾಲದು, ಮಂಗಳವಾರಗಳನ್ನು ನೋಡಬೇಕು. ನಾಲ್ಕು ಮಂಗಳವಾರಗಳಲ್ಲಿ ಮೂರು ಬಂದಿದ್ದರೆ ದಾರಿ ಸರಿ ಇದೆ. ಒಂದೂ ಬಂದಿಲ್ಲವಾದರೆ ಅಂದಾಜು ತಪ್ಪಿದೆ, ಇಲ್ಲವೇ ತೊಂದರೆ ಟೀಚರ್ ಕೈ ಮೀರಿದ್ದು. ಆಗ ಮನೆಯವರನ್ನು ಕೇಳಿಕೊಂಡೇ ಶಾಲೆಯ ಆಪ್ತಸಮಾಲೋಚಕರನ್ನು ಸೇರಿಸಿಕೊಳ್ಳಬೇಕು.

ಮೂರು ಮಂಗಳವಾರ ಬಂದ ಹುಡುಗಿಯ ಮನೆಗೆ ಇನ್ನೊಂದು ಮೇಲ್ ಹೋಗಬೇಕು. ಅದು ಎರಡೇ ಸಾಲಿನದು: "ನಮಸ್ಕಾರ. ಇವತ್ತು ಮಂಗಳವಾರ, ನಿಮ್ಮ ಮಗಳು ಮೊದಲ ಪೀರಿಯಡ್‌ನಿಂದ ಕೊನೆಯವರೆಗೂ ಇದ್ದಳು, ಮಧ್ಯಾಹ್ನ ಗೆಳತಿಯ ಜೊತೆ ಕೂತು ಅರ್ಧ ಪುಟ ಓದಿದಳು."